ನೋಟ್ಸ್‌ಗೊಂದು, ಪ್ರಕಟಣೆಗೊಂದು: ಕೋಚಿಂಗ್ ಸಂಸ್ಥೆಯ ಟೆಲಿಗ್ರಾಂ ಚಾನೆಲ್ ಗಿಜಿಗುಡದಿರಲು

ಪ್ರಶ್ನೆ: ಧಾರವಾಡದಲ್ಲಿ ಪಿಡಿಒ, ಎಫ್‌ಡಿಎ ಮತ್ತು ಪಿಎಸ್‌ಐ ಪರೀಕ್ಷೆಗಳಿಗೆ ತರಬೇತಿ ಕೊಡುವ ಸಂಸ್ಥೆ ನಡೆಸುತ್ತಿದ್ದೇನೆ. ಮೂರು ಬ್ಯಾಚ್‌ಗಳಲ್ಲಿ ಸುಮಾರು 350 ವಿದ್ಯಾರ್ಥಿಗಳಿದ್ದಾರೆ. ನಮ್ಮ ಟೆಲಿಗ್ರಾಂ ಚಾನೆಲ್‌ನಲ್ಲಿ ಹೊರಗಿನವರೂ ಸೇರಿ 1,900 ಜನರಿದ್ದಾರೆ. ಐವರು ಶಿಕ್ಷಕರೂ ಅದರಲ್ಲಿ ನೋಟ್ಸ್, ಪತ್ರಿಕೆ ತುಣುಕು, ಅಧಿಸೂಚನೆ, ಶುಭಾಶಯ ಎಲ್ಲವನ್ನೂ ಹಾಕುತ್ತಾರೆ. ಆದರೂ ದಿನವೂ ಕಚೇರಿಗೆ ಫೋನ್ ಬರುತ್ತದೆ: "ಸರ್, ಸಂವಿಧಾನದ ನೋಟ್ಸ್ ಎಲ್ಲಿದೆ?" ಕಳೆದ ತಿಂಗಳು ಪರೀಕ್ಷೆ ಮುಂದೂಡಿದ್ದು ತಿಳಿಯದೆ ಎಷ್ಟೋ ಮಂದಿ ಭಾನುವಾರ ಬೆಳಿಗ್ಗೆ ಬಂದು ಬಾಗಿಲ ಮುಂದೆ ನಿಂತಿದ್ದರು. ವಿಷಯಕ್ಕೊಂದು ಚಾನೆಲ್ ಮಾಡಬೇಕೇ? ಹ್ಯಾಷ್‌ಟ್ಯಾಗ್ ಸಾಕೇ? ನೋಟ್ಸ್ ಹೊರಗೆ ಸೋರದಂತೆ ತಡೆಯಬಹುದೇ?

ಉತ್ತರ: ಪೋಸ್ಟ್‌ಗಳು ಹೆಚ್ಚಾಗಿರುವುದು ನಿಮ್ಮ ತೊಂದರೆಯ ಮೂಲವಲ್ಲ. ಆಯುಷ್ಯ ಬೇರೆ ಬೇರೆಯಾದ ಎರಡು ಸರಕುಗಳು ಒಂದೇ ಸಾಲಿನಲ್ಲಿ ಹರಿಯುತ್ತಿರುವುದೇ ಮೂಲ. "ನಾಳೆ ತರಗತಿ ಎಂಟಕ್ಕೆ" ಎಂಬ ಪ್ರಕಟಣೆ ಒಂದು ದಿನ ಬದುಕುತ್ತದೆ. ಮೂಲಭೂತ ಹಕ್ಕುಗಳ ನೋಟ್ಸ್ ಪರೀಕ್ಷೆ ಮುಗಿಯುವವರೆಗೆ, ಅಂದರೆ ಎಂಟು–ಹತ್ತು ತಿಂಗಳು ಬೇಕಾಗುತ್ತದೆ. ಚಾನೆಲ್‌ನಲ್ಲಿ ಹೊಸದು ಯಾವಾಗಲೂ ಕೆಳಗೆ ಬಂದು ಕೂರುತ್ತದೆ, ಹಳೆಯದು ಮೇಲಕ್ಕೆ ಸರಿದು ಕಣ್ಮರೆಯಾಗುತ್ತದೆ. ಹೀಗಾಗಿ ಒಂದು ದಿನದ ಪ್ರಕಟಣೆಗಳು ಹತ್ತು ತಿಂಗಳ ನೋಟ್ಸನ್ನು ಹೂತುಹಾಕುತ್ತವೆ. ವಿದ್ಯಾರ್ಥಿ ಕೇಳುತ್ತಾನೆ, ಕಚೇರಿಯವರು ಅದೇ ಪಿಡಿಎಫ್ ಅನ್ನು ಮತ್ತೊಮ್ಮೆ ಹಾಕುತ್ತಾರೆ, ಆ ಮರುಪೋಸ್ಟ್ ಇನ್ನೊಂದನ್ನು ಮೇಲಕ್ಕೆ ತಳ್ಳುತ್ತದೆ. ಒಂದೇ ಅಧ್ಯಾಯ ನಾಲ್ಕು ಬಾರಿ ಬಿದ್ದಿರುವ ಚಾನೆಲ್‌ಗಳನ್ನು ನಾನು ನೋಡಿದ್ದೇನೆ. ನಾಲ್ಕರಲ್ಲಿ ತಿದ್ದಿದ ಪ್ರತಿ ಯಾವುದೆಂದು ಬರೆದ ಶಿಕ್ಷಕರಿಗೇ ಗೊತ್ತಿರುವುದಿಲ್ಲ.

ಪ್ರಕಟಣೆಗೆ ಆಗುವ ಹಾನಿ ಇದಕ್ಕಿಂತ ದೊಡ್ಡದು. ದಿನಕ್ಕೆ ಹದಿನೈದು ಸಲ ಮೊಬೈಲ್ ಸದ್ದು ಮಾಡಿದರೆ ಓದುವ ಹುಡುಗ ಮಾಡುವ ಮೊದಲ ಕೆಲಸ ಆ ಚಾನೆಲ್‌ನ ಸದ್ದು ಅಡಗಿಸುವುದು. ಅದು ಅಶಿಸ್ತಲ್ಲ, ಓದಿಗಾಗಿ ಮಾಡಿಕೊಂಡ ವ್ಯವಸ್ಥೆ. ಒಮ್ಮೆ ಅಡಗಿಸಿದ ಮೇಲೆ ಪರೀಕ್ಷೆ ಮುಂದೂಡಿದ ಸುದ್ದಿಯೂ ಶುಭೋದಯದ ಚಿತ್ರದಷ್ಟೇ ಮೌನವಾಗಿ ಬಂದು ಬೀಳುತ್ತದೆ. ಭಾನುವಾರ ನಿಮ್ಮ ಬಾಗಿಲ ಮುಂದೆ ನಿಂತವರಲ್ಲಿ ಹೆಚ್ಚಿನವರು ಹೀಗೆ ಸದ್ದು ಅಡಗಿಸಿದವರೇ ಇರಬೇಕು.

"ಟೆಲಿಗ್ರಾಂನಲ್ಲಿ ಹುಡುಕುವ ಸೌಲಭ್ಯ ಇದೆಯಲ್ಲ, ಹುಡುಕಿಕೊಳ್ಳಲಿ" ಎಂದು ಅನೇಕ ಸಂಚಾಲಕರು ಹೇಳುತ್ತಾರೆ. ಆ ಹುಡುಕಾಟ ನೋಡುವುದು ಕಡತದ ಹೆಸರನ್ನು ಮತ್ತು ಅದರ ಜೊತೆ ಬರೆದ ಒಕ್ಕಣೆಯನ್ನು ಮಾತ್ರ. ಪಿಡಿಎಫ್‌ನ ಒಳಗೆ ಏನು ಬರೆದಿದೆ ಎಂಬುದನ್ನು ಅದು ನೋಡುವುದಿಲ್ಲ. ಫೋಟೋ ತೆಗೆದು ಹಾಕಿದ ಪುಟಗಳಿಗಂತೂ ಹೆಸರೇ ಇರುವುದಿಲ್ಲ. ನಿಮ್ಮ ಚಾನೆಲ್‌ನ ಕಡತಗಳ ಪಟ್ಟಿ ತೆರೆದು ನೋಡಿ. `Document 12.pdf`, `new notes final.pdf`, `CamScanner 04-11.pdf` ಎಂಬಂಥ ಹೆಸರುಗಳೇ ಕಾಣುತ್ತಿದ್ದರೆ "ಸಂವಿಧಾನ" ಎಂದು ಎಷ್ಟು ಹುಡುಕಿದರೂ ಏನೂ ಸಿಗುವುದಿಲ್ಲ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಅನೇಕ ಶಿಕ್ಷಕರು ಇಂದಿಗೂ ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡುತ್ತಾರೆ. ಆ ಅಕ್ಷರಗಳನ್ನು ನಕಲಿಸಿ ಟೆಲಿಗ್ರಾಂಗೆ ಅಂಟಿಸಿದರೆ "ಕನ್ನಡ" ಎಂಬುದು `PÀ£ÀßqÀ` ಎಂದು ಬರುತ್ತದೆ. ವರ್ಡ್ ಕಡತವನ್ನೇ ಕಳುಹಿಸಿದರೆ ವಿದ್ಯಾರ್ಥಿಯ ಮೊಬೈಲ್‌ನಲ್ಲಿ ಆ ಫಾಂಟ್ ಇಲ್ಲದ ಕಾರಣ ಪುಟ ತುಂಬ ಇದೇ ಕಲಸುಮೇಲೋಗರ ಕಾಣುತ್ತದೆ. ಆದ್ದರಿಂದ ವರ್ಡ್ ಕಡತ ಚಾನೆಲ್‌ಗೆ ಹೋಗಲೇಬಾರದು, ಪಿಡಿಎಫ್ ಮಾಡಿಯೇ ಹೋಗಬೇಕು. ಒಕ್ಕಣೆಯನ್ನು ಯೂನಿಕೋಡ್‌ನಲ್ಲಿ, ಅಂದರೆ ಮೊಬೈಲ್‌ನ ಕನ್ನಡ ಕೀಲಿಮಣೆಯಲ್ಲೇ ಬರೆಯಬೇಕು. ಹಳೆಯ ಪಠ್ಯ ತುಂಬ ಇದ್ದರೆ ನುಡಿ ತಂತ್ರಾಂಶದೊಳಗೇ ಯೂನಿಕೋಡ್‌ಗೆ ಬದಲಿಸುವ ಸಾಧನ ಇದೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿಕೊಳ್ಳಿ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಹ್ಯಾಷ್‌ಟ್ಯಾಗ್ ಹಾಕಿ ಒಂದೇ ಚಾನೆಲ್ ಉಳಿಸಿಕೊಳ್ಳುವುದು ಒಂದೇ ಬ್ಯಾಚ್ ಇರುವ, ಒಬ್ಬರೇ ಪೋಸ್ಟ್ ಮಾಡುವ ಸಣ್ಣ ಸಂಸ್ಥೆಗೆ ನಡೆಯುತ್ತದೆ. ಐದು ಜನ ಹಾಕುವಲ್ಲಿ ಒಬ್ಬರು `#itihasa` ಎನ್ನುತ್ತಾರೆ, ಇನ್ನೊಬ್ಬರು `#history` ಎನ್ನುತ್ತಾರೆ, ಮೂರನೆಯವರು ಮರೆತೇಬಿಡುತ್ತಾರೆ. ಎರಡು ತಿಂಗಳಲ್ಲಿ ಅದರ ಮೇಲೆ ಯಾರಿಗೂ ನಂಬಿಕೆ ಉಳಿಯುವುದಿಲ್ಲ. ಹ್ಯಾಷ್‌ಟ್ಯಾಗ್ ಸದ್ದಿನ ಸಮಸ್ಯೆಯನ್ನೂ ಬಗೆಹರಿಸುವುದಿಲ್ಲ.

ವಿಷಯಕ್ಕೊಂದು ಚಾನೆಲ್ ಮಾಡುವುದು ಕಾಗದದ ಮೇಲೆ ಅಂದವಾಗಿ ಕಾಣುತ್ತದೆ. ಆದರೆ ಹುಡುಗ ಏಳು ಚಾನೆಲ್ ಸೇರಬೇಕು. ಒಂದನ್ನು ಸೇರುವುದು ಬಿಟ್ಟುಹೋದರೆ ಅವನಿಗೂ ತಿಳಿಯುವುದಿಲ್ಲ, ನಿಮಗೂ ತಿಳಿಯುವುದಿಲ್ಲ. ಹೊಸಬರು ಪ್ರವೇಶ ಪಡೆದಾಗಲೆಲ್ಲ ಏಳು ಕಡೆ ಸೇರಿಸಬೇಕು, ಬಿಟ್ಟುಹೋದವರನ್ನು ಏಳು ಕಡೆಯಿಂದ ತೆಗೆಯಬೇಕು. ಈ ದಾರಿ ಬೇಡ.

ಗುಂಪು ಮಾಡಿ ಅದರಲ್ಲಿ ವಿಷಯವಾರು ವಿಭಾಗಗಳನ್ನು ತೆರೆಯುವ ಸೌಲಭ್ಯ ಟೆಲಿಗ್ರಾಂಗೆ 2022ರಲ್ಲಿ ಬಂತು. ಸಂದೇಹ ಕೇಳಲು ಅದು ಒಳ್ಳೆಯದು, ನೋಟ್ಸ್ ಇಡಲು ಅಲ್ಲ. ಚಾನೆಲ್‌ನಲ್ಲಿ ಸದಸ್ಯರ ಪಟ್ಟಿ ಸಂಚಾಲಕರಿಗೆ ಮಾತ್ರ ಕಾಣುತ್ತದೆ, ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ನೋಡಲಾರರು. ಗುಂಪಿನಲ್ಲಿ ಹಾಗಲ್ಲ. ಸದಸ್ಯರ ಪಟ್ಟಿಯನ್ನು ನೀವು ಮರೆಮಾಡದಿದ್ದರೆ ಒಳಗೆ ನುಸುಳಿದ ಯಾರು ಬೇಕಾದರೂ ಹೆಸರು ನೋಡಿ ನೇರ ಸಂದೇಶ ಕಳುಹಿಸಬಹುದು. ಹೆಣ್ಣುಮಕ್ಕಳಿಗೆ ಅಪರಿಚಿತರಿಂದ ಸಂದೇಶ ಬರುವುದು, "ಕೀ ಉತ್ತರ ಕೊಡಿಸುತ್ತೇವೆ" ಎಂದು ದುಡ್ಡು ಕೇಳುವವರು ಗಂಟು ಬೀಳುವುದು ಇಂಥ ತೆರೆದ ಗುಂಪುಗಳಿಂದಲೇ. ಸಂದೇಹಕ್ಕೆ ಗುಂಪು ಬೇಕೇ ಬೇಕೆಂದರೆ ಸದಸ್ಯರ ಪಟ್ಟಿ ಮರೆಮಾಡಿ ಬೇರೆಯಾಗಿ ನಡೆಸಿ. ಆಗಲೂ ಅಲ್ಲಿ ಬರೆದವರ ಹೆಸರು ಉಳಿದವರಿಗೆ ಕಾಣುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಮೊದಲೇ ಹೇಳಿಬಿಡಿ.

ನಾನು ಹೇಳುವುದು ಎರಡು ಖಾಸಗಿ ಚಾನೆಲ್: ಒಂದು ಪ್ರಕಟಣೆಗೆ, ಒಂದು ನೋಟ್ಸ್‌ಗೆ. ಈಗಿರುವ 1,900 ಜನರ ಚಾನೆಲ್ ಅನ್ನು ಅಳಿಸಬೇಡಿ. ಅದು ಸಾರ್ವಜನಿಕವಾಗಿಯೇ ಇರಲಿ. ಹೊಸ ಬ್ಯಾಚ್ ಯಾವಾಗ, ಮಾದರಿ ನೋಟ್ಸ್ ಹೇಗಿದೆ, ಯಾರು ಆಯ್ಕೆಯಾದರು ಎಂಬುದನ್ನು ಊರಿಗೆ ಹೇಳುವ ಜಾಗ ಅದು. ಶುಭಾಶಯ, ಅಭಿನಂದನೆ ಹಾಕುವ ಆಸೆ ಶಿಕ್ಷಕರಿಗಿದ್ದರೆ ಅದಕ್ಕೂ ಅದೇ ಜಾಗ. ನಿಮ್ಮ 350 ವಿದ್ಯಾರ್ಥಿಗಳಿಗೆ ಬೇಕಾದದ್ದು ಹೊಸ ಎರಡರಲ್ಲಿ ಮಾತ್ರ ಇರಬೇಕು.

ನೋಟ್ಸ್ ಚಾನೆಲ್ ಕಟ್ಟುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಎಡವುವುದು ಇಲ್ಲೇ. ಮೊದಲು ಚಾನೆಲ್ ತೆರೆದು ಖಾಲಿ ಇರುವಾಗಲೇ ಎಲ್ಲ ನೋಟ್ಸ್ ತುಂಬಿಸಿ, ಆಮೇಲೆ ವಿದ್ಯಾರ್ಥಿಗಳನ್ನು ಸೇರಿಸಿ. ಚಾನೆಲ್‌ಗೆ ತಡವಾಗಿ ಸೇರಿದವರಿಗೂ ಹಳೆಯ ಪೋಸ್ಟ್‌ಗಳೆಲ್ಲ ಕಾಣುತ್ತವೆ. ಆದ್ದರಿಂದ ಯಾರೂ ಇಲ್ಲದಾಗ ಅರವತ್ತು ಕಡತ ಹಾಕಿದರೂ ಯಾರ ಮೊಬೈಲೂ ಸದ್ದು ಮಾಡುವುದಿಲ್ಲ. ಹಾಕುವಾಗ ಪಠ್ಯಕ್ರಮದ ಅನುಕ್ರಮದಲ್ಲೇ ಹಾಕಿ. ಹಳೆಯ ಚಾನೆಲ್‌ನಿಂದ ಫಾರ್ವರ್ಡ್ ಮಾಡಬೇಡಿ. ಹೆಸರು ಸರಿಪಡಿಸಿ, ಇತ್ತೀಚಿನ ಪ್ರತಿಯನ್ನೇ ಹೊಸದಾಗಿ ಏರಿಸಿ.

ಪ್ರತಿ ನೋಟ್ಸ್‌ಗೂ ಒಂದು ಸಂಕೇತ ಕೊಡಿ. ಸಂವಿಧಾನಕ್ಕೆ `SAM`, ಇತಿಹಾಸಕ್ಕೆ `ITI`, ಭೂಗೋಳಕ್ಕೆ `BHU`, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆ `GRA`. ಅದರ ಮುಂದೆ ಅಧ್ಯಾಯದ ಸಂಖ್ಯೆಯನ್ನು ಜಾಗ ಬಿಡದೆ ಬರೆಯಿರಿ. ಏಳನೆಯ ಅಧ್ಯಾಯವಾದರೆ `SAM07`. ಕಡತದ ಹೆಸರಿನಲ್ಲೂ ಒಕ್ಕಣೆಯ ಮೊದಲ ಪದವಾಗಿಯೂ ಇದೇ ಇರಲಿ. ಒಕ್ಕಣೆ ಹೀಗಿದ್ದರೆ ಸಾಕು: "SAM07 ಮೂಲಭೂತ ಹಕ್ಕುಗಳು, 14 ಪುಟ. ತಿದ್ದಿದ್ದು: ಜೂನ್ 2025." ಇಷ್ಟು ಮಾಡಿದ ಮೇಲೆ ಶಿಕ್ಷಕರು ತರಗತಿಯ ಕೊನೆಯಲ್ಲಿ ಬೋರ್ಡಿನ ಮೂಲೆಯಲ್ಲಿ "ಇಂದಿನದು SAM07" ಎಂದು ಬರೆದರೆ ಹುಡುಗರು ಆ ಐದು ಅಕ್ಷರ ಟೈಪ್ ಮಾಡಿ ನೇರವಾಗಿ ತಲುಪುತ್ತಾರೆ. ಸಂಕೇತ ಇಂಗ್ಲಿಷ್ ಅಕ್ಷರದಲ್ಲಿರಲಿ ಎನ್ನುವುದಕ್ಕೆ ಕಾರಣವಿದೆ. ಕನ್ನಡ ಕೀಲಿಮಣೆ ಎಲ್ಲರ ಮೊಬೈಲ್‌ನಲ್ಲೂ ಸಿದ್ಧವಾಗಿರುವುದಿಲ್ಲ, ಇದ್ದರೂ ಕಾಗುಣಿತದಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೆ ಹುಡುಕಾಟ ಕೈಕೊಡುತ್ತದೆ.

ಇನ್ನು ಪರಿವಿಡಿ. ಚಾನೆಲ್‌ನ ಮೊಟ್ಟಮೊದಲ ಪೋಸ್ಟ್‌ಗಳಾಗಿ ಪರಿವಿಡಿಗಳನ್ನೇ ಹಾಕಿ: ಒಂದು ತಾಯಿ ಪರಿವಿಡಿ, ಆಮೇಲೆ ವಿಷಯಕ್ಕೊಂದು. ಆಗ ಅವು ಖಾಲಿ ಇದ್ದರೂ ಚಿಂತೆಯಿಲ್ಲ. ಎಲ್ಲ ಕಡತ ಹಾಕಿದ ಮೇಲೆ ಪ್ರತಿ ಪೋಸ್ಟ್‌ನ ಮೇಲೆ ಒತ್ತಿ `Copy Link` ಆರಿಸಿ, ಆ ಕೊಂಡಿಯನ್ನು ವಿಷಯದ ಪರಿವಿಡಿಯಲ್ಲಿ ಅಧ್ಯಾಯದ ಹೆಸರಿಗೆ ಜೋಡಿಸಿ. ಖಾಸಗಿ ಚಾನೆಲ್‌ನಲ್ಲಿ ಈ ಕೊಂಡಿ `t.me/c/` ಎಂದು ಶುರುವಾಗುತ್ತದೆ ಮತ್ತು ಸದಸ್ಯರಿಗೆ ಮಾತ್ರ ತೆರೆಯುತ್ತದೆ. ವಿಷಯಗಳ ಪರಿವಿಡಿಗಳ ಕೊಂಡಿಗಳನ್ನು ತಾಯಿ ಪರಿವಿಡಿಯಲ್ಲಿ ಇಡಿ. ಪಿನ್ ಮಾಡುವುದು ತಾಯಿ ಪರಿವಿಡಿಯೊಂದನ್ನೇ. ಟೆಲಿಗ್ರಾಂ ಎಷ್ಟು ಬೇಕಾದರೂ ಪಿನ್ ಮಾಡಲು ಬಿಡುತ್ತದೆ, ಆದರೆ ಪರದೆಯ ಮೇಲ್ಭಾಗದ ಪಟ್ಟಿಯಲ್ಲಿ ಒಂದು ಸಲಕ್ಕೆ ಕಾಣುವುದು ಒಂದೇ. ಎಂಟು ಪಿನ್ ಇದ್ದರೆ ಅದೂ ಇನ್ನೊಂದು ಗಿಜಿಬಿಜಿ. ಪಿನ್ ಮಾಡಿದಾಗ ಚಾನೆಲ್‌ನಲ್ಲಿ ಮೂಡುವ "ಪಿನ್ ಮಾಡಲಾಗಿದೆ" ಎಂಬ ಸಣ್ಣ ಸಾಲನ್ನೂ ಅಳಿಸಿಬಿಡಿ.

ಪರಿವಿಡಿಯನ್ನು ಚಿತ್ರದ ಅಥವಾ ಕಡತದ ಒಕ್ಕಣೆಯಾಗಿ ಬರೆಯಬೇಡಿ. ಬರಿಯ ಪಠ್ಯ ಸಂದೇಶದಲ್ಲಿ 4,096 ಅಕ್ಷರ ಹಿಡಿಯುತ್ತದೆ, ಸಾಮಾನ್ಯ ಖಾತೆಯಲ್ಲಿ ಒಕ್ಕಣೆಗೆ ಸಿಗುವುದು 1,024 ಮಾತ್ರ. ಸಂಸ್ಥೆಯ ಲಾಂಛನದ ಚಿತ್ರ ಹಾಕಿ ಅದರ ಕೆಳಗೆ ಪರಿವಿಡಿ ಬರೆಯಲು ಹೋದವರು ಮೂರನೆಯ ತಿಂಗಳಿಗೆ ಜಾಗ ಸಾಲದೆ ಮತ್ತೆ ಮೊದಲಿನಿಂದ ಕಟ್ಟುತ್ತಾರೆ.

ಪರಿವಿಡಿಯ ಬಲ ಇರುವುದು ಒಂದು ಗುಣದಲ್ಲಿ. ತಿದ್ದುವ ಅಧಿಕಾರ ಇರುವ ಸಂಚಾಲಕರು ಚಾನೆಲ್‌ನ ಪೋಸ್ಟನ್ನು ಎಷ್ಟು ತಿಂಗಳಾದ ಮೇಲೂ ತಿದ್ದಬಹುದು, ತಿದ್ದಿದಾಗ ಯಾರಿಗೂ ಸದ್ದು ಹೋಗುವುದಿಲ್ಲ. ಪಠ್ಯವನ್ನಷ್ಟೇ ಅಲ್ಲ, ಪೋಸ್ಟ್‌ನಲ್ಲಿರುವ ಕಡತವನ್ನೇ ಬದಲಿಸಬಹುದು. ಉದಾಹರಣೆಗೆ `GRA04`ರಲ್ಲಿ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಟಿಪ್ಪಣಿ ಇದೆ ಎಂದುಕೊಳ್ಳಿ. ಯಾವುದೋ ಪ್ರಕರಣಕ್ಕೆ ತಿದ್ದುಪಡಿ ಬಂತು. ಸಾಮಾನ್ಯವಾಗಿ ಏನು ಮಾಡುತ್ತಾರೆ? "ಪರಿಷ್ಕೃತ" ಎಂದು ಹೊಸ ಪಿಡಿಎಫ್ ಹಾಕುತ್ತಾರೆ. ಆಗ ಪರಿವಿಡಿ ಹಳೆಯದನ್ನೇ ತೋರಿಸುತ್ತಿರುತ್ತದೆ. ಹಳೆಯದನ್ನು ಅಳಿಸಿದರೆ ಪರಿವಿಡಿಯ ಕೊಂಡಿ ಎಲ್ಲಿಗೂ ಹೋಗುವುದಿಲ್ಲ. ಬದಲಿಗೆ ಹಳೆಯ ಪೋಸ್ಟನ್ನೇ ತೆರೆದು, `Edit` ಒತ್ತಿ, ಕಡತವನ್ನು ಬದಲಿಸಿ, ಒಕ್ಕಣೆಯಲ್ಲಿ ತಿದ್ದಿದ ತಿಂಗಳು ಬರೆಯಿರಿ. ಕೊಂಡಿ ಅದೇ ಇರುತ್ತದೆ, ಒಳಗಿನ ಪಿಡಿಎಫ್ ಹೊಸದಾಗಿರುತ್ತದೆ.

ಇಲ್ಲಿ ಒಂದು ಅಪಾಯವಿದೆ. ಹಿಂದೆಯೇ ಇಳಿಸಿಕೊಂಡವರ, ಜೆರಾಕ್ಸ್ ಮಾಡಿಸಿಕೊಂಡವರ ಕೈಯಲ್ಲಿ ಹಳೆಯ ಪ್ರತಿಯೇ ಉಳಿಯುತ್ತದೆ, ತಿದ್ದಿದ್ದು ಅವರಿಗೆ ತಿಳಿಯುವುದೂ ಇಲ್ಲ. ಅಕ್ಷರದೋಷವಾದರೆ ಸುಮ್ಮನಿರಬಹುದು. ಉತ್ತರವೇ ತಪ್ಪಾಗಿತ್ತು, ಕಾನೂನು ಬದಲಾಯಿತು ಎಂದಾದರೆ ಪ್ರಕಟಣೆ ಚಾನೆಲ್‌ನಲ್ಲಿ ಒಂದು ಸಾಲು ಹಾಕಿ: "GRA04 ಪುಟ 6 ಬದಲಾಗಿದೆ, ಆ ಪುಟ ಮಾತ್ರ ಮತ್ತೆ ತೆಗೆಸಿ." ಪುಟದ ಸಂಖ್ಯೆ ಹೇಳುವುದು ಮುಖ್ಯ. ಕೊಠಡಿ ಬಾಡಿಗೆ, ಮೆಸ್ ಖರ್ಚಿನ ಲೆಕ್ಕದಲ್ಲಿ ಬದುಕುವ ಹುಡುಗನಿಗೆ ನಲವತ್ತು ಪುಟ ಮತ್ತೆ ಜೆರಾಕ್ಸ್ ಮಾಡಿಸುವುದು ಸಣ್ಣ ಮಾತಲ್ಲ.

ಕೈಬರಹದ ನೋಟ್ಸ್ ಬಗ್ಗೆ ಒಂದು ಮಾತು. ಮೂವತ್ತು ಪುಟವನ್ನು ಫೋಟೋ ತೆಗೆದು ಹಾಕಿದರೆ ಒಂದು ಗೊಂಚಲಿಗೆ ಹತ್ತರಂತೆ ಮೂರು ಗೊಂಚಲು ಬೀಳುತ್ತವೆ, ಜೊತೆಗೆ ಫೋಟೋವಾಗಿ ಕಳುಹಿಸಿದಾಗ ಟೆಲಿಗ್ರಾಂ ಅದನ್ನು ಕುಗ್ಗಿಸುವುದರಿಂದ ಸಣ್ಣ ಅಕ್ಷರ ಮಸುಕಾಗುತ್ತದೆ. ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಮಾಡಿ. ಒಂದು ಕಡತ 2 ಜಿಬಿವರೆಗೆ ಹೋಗುತ್ತದೆ ಎಂದು ದೊಡ್ಡದಾಗಿ ಹಾಕಬೇಡಿ, ಬಣ್ಣ ತೆಗೆದು ಕಪ್ಪು–ಬಿಳುಪಿನಲ್ಲಿ ಉಳಿಸಿದರೆ ಗಾತ್ರ ಗಣನೀಯವಾಗಿ ಇಳಿಯುತ್ತದೆ, ಜೆರಾಕ್ಸೂ ಸ್ವಚ್ಛವಾಗಿ ಬರುತ್ತದೆ.

ಈಗ ಪ್ರಕಟಣೆ ಚಾನೆಲ್. ಮೊಬೈಲ್ ಪರದೆಯ ಮೇಲೆ ಪುಟಿಯುವ ಸೂಚನೆಯಲ್ಲಿ ಕಾಣುವುದು ಮೊದಲ ಒಂದೆರಡು ಸಾಲು. ನಮ್ಮ ಪ್ರಕಟಣೆಗಳು ಹೇಗೆ ಶುರುವಾಗುತ್ತವೆ ನೋಡಿ: "ನಮ್ಮ ಸಂಸ್ಥೆಯ ಎಲ್ಲ ಆತ್ಮೀಯ ವಿದ್ಯಾರ್ಥಿಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ…" ಎರಡು ಸಾಲು ಅಲ್ಲಿಗೇ ಮುಗಿಯಿತು, ವಿಷಯ ಬರಲೇ ಇಲ್ಲ. ಇನ್ನೂ ಕೆಟ್ಟದ್ದು ಲೆಟರ್‌ಹೆಡ್ ಮೇಲೆ ಬರೆದು ಫೋಟೋ ತೆಗೆದು ಹಾಕುವುದು. ಸೂಚನೆಯಲ್ಲಿ ವಿಷಯ ಕಾಣುವುದಿಲ್ಲ, ಹುಡುಕಿದರೂ ಸಿಗುವುದಿಲ್ಲ. ಬದಲಿಗೆ ಹೀಗೆ ಬರೆಯಿರಿ:

"ಪಿಡಿಒ ಬ್ಯಾಚ್: ಜೂನ್ 15, ಭಾನುವಾರದ ಪರೀಕ್ಷೆ ಇಲ್ಲ. ಜೂನ್ 22, ಭಾನುವಾರ ಬೆಳಿಗ್ಗೆ 10ಕ್ಕೆ. ಪಠ್ಯ ಅದೇ: SAM01ರಿಂದ SAM07. ಸ್ಥಳ ಮೊದಲ ಮಹಡಿ."

ಮೊದಲು ಯಾರಿಗೆ, ಆಮೇಲೆ ಏನು ಬದಲಾಯಿತು, ಆಮೇಲೆ ಹೊಸ ದಿನ ಮತ್ತು ಸಮಯ. ತಾರೀಖಿನ ಜೊತೆ ವಾರದ ಹೆಸರು ಇರಲೇಬೇಕು. "ನಾಳೆ" ಎಂಬ ಪದ ಬೇಡ, ಮರುದಿನ ತೆರೆದು ಓದಿದವನಿಗೆ ಅದು ಇನ್ನೊಂದು ದಿನವಾಗುತ್ತದೆ. ಮೂರೂ ಬ್ಯಾಚ್‌ಗೆ ಒಂದೇ ಪ್ರಕಟಣೆ ಚಾನೆಲ್ ಸಾಕು, ಮೊದಲ ಪದವೇ ಬ್ಯಾಚ್ ಹೇಳುವುದರಿಂದ ತನ್ನದಲ್ಲದ್ದನ್ನು ಹುಡುಗ ಕಣ್ಣಲ್ಲೇ ದಾಟಿಹೋಗುತ್ತಾನೆ. ದಿನಕ್ಕೆ ಐದಾರು ಪ್ರಕಟಣೆ ಬೇಕಾಗುವಷ್ಟು ಬ್ಯಾಚ್‌ಗಳಾದಾಗ ಬೇರ್ಪಡಿಸಿದರಾಯಿತು.

ನೋಟ್ಸ್ ಚಾನೆಲ್‌ನ ತಿದ್ದುವ ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಚೆನ್ನಾಗಿ ನೆನಪಿಡಿ. ತಿದ್ದಿದರೆ ಸದ್ದು ಹೋಗುವುದಿಲ್ಲವಲ್ಲ, ಹಾಗಾಗಿ ಬರಿಯ ತಿದ್ದುಪಡಿಯಿಂದ ದಿನಾಂಕ ಬದಲಿಸಿದರೆ ಮೊದಲೇ ಓದಿದವರು ಹಳೆಯ ದಿನವನ್ನೇ ನಂಬಿ ಬರುತ್ತಾರೆ. ಹೊಸ ಪೋಸ್ಟ್ ಮಾತ್ರ ಹಾಕಿ ಹಳೆಯದನ್ನು ಹಾಗೇ ಬಿಟ್ಟರೆ ಮೇಲಕ್ಕೆ ಸರಿಸಿ ಓದುವವನು ಹಳೆಯದನ್ನು ಹಿಡಿಯುತ್ತಾನೆ. ಎರಡನ್ನೂ ಮಾಡಬೇಕು: ಹಳೆಯ ಪ್ರಕಟಣೆಯ ಮೊದಲ ಪದವಾಗಿ "ಬದಲಾಗಿದೆ" ಎಂದು ತಿದ್ದಿ, ಅದಕ್ಕೆ ಉತ್ತರ ಕೊಡುವ ರೀತಿಯಲ್ಲಿ ಹೊಸ ಪ್ರಕಟಣೆ ಹಾಕಿ. ಹೊಸದರ ಮೇಲೆ ಒತ್ತಿದರೆ ಹಳೆಯದೂ ಕಾಣುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಯ ಬದಲಾವಣೆಯಾದರೆ ಟೆಲಿಗ್ರಾಂ ಒಂದನ್ನೇ ನಂಬಬೇಡಿ, ಎಸ್‌ಎಂಎಸ್ ಅಥವಾ ಫೋನ್ ಮಾಡಿ.

ಸದ್ದನ್ನು ಜಿಪುಣತನದಿಂದ ಖರ್ಚು ಮಾಡಿ. ಕಳುಹಿಸುವ ಗುಂಡಿಯನ್ನು ಒತ್ತಿ ಹಿಡಿದರೆ `Send Without Sound` ಮತ್ತು `Schedule Message` ಎಂಬ ಎರಡು ಆಯ್ಕೆಗಳು ಬರುತ್ತವೆ. ನೋಟ್ಸ್ ಚಾನೆಲ್‌ನಲ್ಲಿ ಎಲ್ಲವೂ ಸದ್ದಿಲ್ಲದೆ ಹೋಗಲಿ. ಅಂದಿನ ನೋಟ್ಸನ್ನು ಮಧ್ಯಾಹ್ನವೇ ಸಿದ್ಧಮಾಡಿ ರಾತ್ರಿ ಎಂಟಕ್ಕೆ ಹೋಗುವಂತೆ ಇಟ್ಟರೆ ಹುಡುಗರಿಗೂ ಯಾವಾಗ ನೋಡಬೇಕೆಂಬ ರೂಢಿ ಬರುತ್ತದೆ. ಪ್ರಕಟಣೆ ಚಾನೆಲ್‌ನಲ್ಲಿ ತರಗತಿ, ಪರೀಕ್ಷೆ, ಶುಲ್ಕ, ಸರ್ಕಾರದ ಅಧಿಸೂಚನೆ ಇವಕ್ಕೆ ಮಾತ್ರ ಸದ್ದು. ಅಧಿಸೂಚನೆಯನ್ನು ಬೇರೆ ಚಾನೆಲ್‌ಗಳಿಂದ ಫಾರ್ವರ್ಡ್ ಮಾಡುವ ಅಭ್ಯಾಸವನ್ನು ಇಂದೇ ಬಿಡಿ. ಕೆಪಿಎಸ್‌ಸಿ ಅಥವಾ ಕೆಇಎಯ ಅಧಿಕೃತ ಜಾಲತಾಣದಲ್ಲಿ ಕಣ್ಣಾರೆ ನೋಡಿ, ಕೊನೆಯ ದಿನಾಂಕವನ್ನು ನಿಮ್ಮ ಮಾತಿನಲ್ಲಿ ಬರೆದು, ಅಲ್ಲಿನ ಕೊಂಡಿಯನ್ನೇ ಕೊಡಿ. ಫಾರ್ವರ್ಡ್ ಮಾಡಿದರೆ ಆ ಚಾನೆಲ್‌ನ ಹೆಸರೂ ಜೊತೆಗೆ ಬರುತ್ತದೆ, ನಿಮ್ಮ ವಿದ್ಯಾರ್ಥಿ ಅದರ ಮೇಲೆ ಒತ್ತಿ ಅಲ್ಲಿಗೆ ಹೋಗುತ್ತಾನೆ. ಅಲ್ಲಿ ಏನಿದೆ ಎಂಬುದರ ಮೇಲೆ ನಿಮಗೆ ಹಿಡಿತವಿಲ್ಲ.

ಇಷ್ಟೆಲ್ಲ ನಿಲ್ಲಬೇಕಾದರೆ ಪೋಸ್ಟ್ ಮಾಡುವ ಕೈ ಒಂದೇ ಆಗಿರಬೇಕು. ಶಿಕ್ಷಕರಿಗೆ ಮುಜುಗರವಾಗಬಹುದು, ಆದರೆ ಇದರಲ್ಲಿ ರಾಜಿ ಬೇಡ. ಐವರು ಶಿಕ್ಷಕರಿಗೂ ಕಚೇರಿಯ ಒಬ್ಬರಿಗೂ ಸೇರಿ ಒಂದು ಒಳಗುಂಪು ಮಾಡಿ. ಶಿಕ್ಷಕರು ಕಡತವನ್ನು ಅಲ್ಲಿಗೆ ಹಾಕುತ್ತಾರೆ. ಕಚೇರಿಯವರು ಹೆಸರು, ಸಂಕೇತ, ಪುಟಸಂಖ್ಯೆ ನೋಡಿ ಚಾನೆಲ್‌ಗೆ ಏರಿಸಿ, ಪರಿವಿಡಿ ತಿದ್ದಿ, "ಆಯಿತು" ಎಂದು ಒಳಗುಂಪಿನಲ್ಲಿ ಹೇಳುತ್ತಾರೆ. ಆ ಒಬ್ಬರು ರಜೆಯಲ್ಲಿದ್ದಾಗ ಮಾಡಲು ಇನ್ನೊಬ್ಬರಿಗೆ ಅಧಿಕಾರ ಕೊಟ್ಟಿಡಿ. ಅಳಿಸುವ ಅಧಿಕಾರ ನಿಮ್ಮೊಬ್ಬರಲ್ಲೇ ಇರಲಿ. ಸಂಚಾಲಕರ ಅಧಿಕಾರಗಳನ್ನು ಟೆಲಿಗ್ರಾಂ ಬಿಡಿಬಿಡಿಯಾಗಿ ಕೊಡಲು ಬಿಡುತ್ತದೆ.

ಚಾನೆಲ್‌ನ ಒಡೆತನ ಸಂಸ್ಥೆಯ ಹೆಸರಿನಲ್ಲಿರುವ ಸಿಮ್‌ನ ಖಾತೆಗೇ ಇರಬೇಕು. ಚುರುಕಾದ ಹುಡುಗನೊಬ್ಬ ತನ್ನ ಮೊಬೈಲ್‌ನಲ್ಲಿ ಚಾನೆಲ್ ತೆರೆದುಕೊಟ್ಟು, ವರ್ಷದ ಬಳಿಕ ಕೆಲಸ ಬಿಟ್ಟು ಹೋದಾಗ ಚಾನೆಲ್ ಅವನ ಜೊತೆಗೇ ಹೋದ ಸಂಸ್ಥೆಗಳಿವೆ. ಒಡೆತನ ವರ್ಗಾಯಿಸಲು ಈಗಿನ ಒಡೆಯರ ಖಾತೆಯಲ್ಲಿ `Two-Step Verification` ಗುಪ್ತಪದ ಹಾಕಿ ಏಳು ದಿನ ಕಳೆದಿರಬೇಕು. ಅಂದರೆ ಜಗಳವಾದ ದಿನ ಇದನ್ನು ಮಾಡಲಾಗದು. ನಿಮ್ಮ ಹಳೆಯ ಚಾನೆಲ್‌ನ ಒಡೆಯರು ಯಾರೆಂದು ಇಂದೇ ನೋಡಿಕೊಳ್ಳಿ.

ಸೋರಿಕೆಯ ವಿಚಾರದಲ್ಲಿ ನಿಮಗೆ ಸುಳ್ಳು ಭರವಸೆ ಕೊಡಲಾರೆ. `Restrict Saving Content` ಎಂಬ ಆಯ್ಕೆ ಒತ್ತಿದರೆ ಫಾರ್ವರ್ಡ್ ಮಾಡುವುದು, ಉಳಿಸಿಕೊಳ್ಳುವುದು ನಿಲ್ಲುತ್ತದೆ. ಇನ್ನೊಂದು ಮೊಬೈಲ್‌ನಿಂದ ಪರದೆಯ ಫೋಟೋ ತೆಗೆಯುವುದನ್ನು ಅದು ತಡೆಯಲಾರದು. ನಿಮ್ಮ ಪ್ರಾಮಾಣಿಕ ವಿದ್ಯಾರ್ಥಿಗೆ ಮಾತ್ರ ಪಿಡಿಎಫ್ ಹೊರತೆಗೆದು ಜೆರಾಕ್ಸ್ ಮಾಡಿಸಲಾಗುವುದಿಲ್ಲ. ಕಾಗದದ ಮೇಲೆ ಅಡಿಗೆರೆ ಹಾಕಿ ಓದುವವರೇ ಹೆಚ್ಚಿರುವ ನಮ್ಮಲ್ಲಿ ಇದು ಕದಿಯುವವನಿಗಿಂತ ಓದುವವನಿಗೇ ಹೆಚ್ಚು ಶಿಕ್ಷೆ. ಹಾಗಾಗಿ ನಾನು ಇದನ್ನು ಹಾಕಬೇಡಿ ಎನ್ನುತ್ತೇನೆ. ಪ್ರತಿ ಪುಟದ ಅಂಚಿನಲ್ಲಿ ಸಂಸ್ಥೆಯ ಹೆಸರು ಇರಲಿ. ಸೇರುವ ಕೊಂಡಿಗೆ ಸಂಚಾಲಕರ ಒಪ್ಪಿಗೆ ಬೇಕೆಂಬ ಆಯ್ಕೆ ಹಾಕಿ, ಬ್ಯಾಚ್‌ಗೊಂದು ಕೊಂಡಿ ಮಾಡಿ, ಪ್ರವೇಶ ಪುಸ್ತಕ ನೋಡಿ ಒಪ್ಪಿ. ಕೊಂಡಿಯನ್ನು ರದ್ದು ಮಾಡಿದರೆ ಹೊಸಬರು ಬರುವುದು ನಿಲ್ಲುತ್ತದೆ, ಈಗಾಗಲೇ ಒಳಗಿರುವವರು ಹೋಗುವುದಿಲ್ಲ. ಅವರನ್ನು ಒಬ್ಬೊಬ್ಬರಾಗಿ ತೆಗೆಯಬೇಕು.

ಯಾರಾದರೂ ನಿಮ್ಮ ನೋಟ್ಸನ್ನು ಸಾರಾಸಗಟಾಗಿ ಹಂಚುತ್ತಿದ್ದರೆ ಕಾನೂನಿನ ದಾರಿ ಇದೆ. ಸ್ಪರ್ಧಾತ್ಮಕ ಪರೀಕ್ಷೆಗಳ ಶಿಕ್ಷಕಿ ನೀತು ಸಿಂಗ್ ಹೂಡಿದ್ದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ, ಅವರ ಪಾಠ ಸಾಮಗ್ರಿಯನ್ನು ಅನುಮತಿಯಿಲ್ಲದೆ ಹಂಚುತ್ತಿದ್ದ ಚಾನೆಲ್‌ಗಳನ್ನು ನಡೆಸುವವರ ವಿವರ ಕೊಡುವಂತೆ ಟೆಲಿಗ್ರಾಂಗೆ ಆದೇಶಿಸಿತು, ಕಂಪನಿ ಬಳಿಕ ಆ ವಿವರವನ್ನು ಸಲ್ಲಿಸಿತು. ಇದೇ ಕತ್ತಿ ನಿಮ್ಮ ಕಡೆಗೂ ತಿರುಗಬಲ್ಲದು. ನಿಮ್ಮ ಶಿಕ್ಷಕರು ದಿನಪತ್ರಿಕೆಯ ಇ–ಪೇಪರ್ ಪಿಡಿಎಫ್ ಅನ್ನೋ ಬೇರೆ ಸಂಸ್ಥೆಯ ಪುಸ್ತಕವನ್ನೋ ಹಾಕುತ್ತಿದ್ದರೆ ಹೊಣೆ ಚಾನೆಲ್‌ನ ಒಡೆಯರಾದ ನಿಮ್ಮದೂ ಹೌದು. 2020ರಲ್ಲಿ ಹಿಂದಿ ಪತ್ರಿಕೆಯೊಂದರ ಇ–ಪೇಪರ್ ಹಂಚಿಕೆಯ ಮೇಲೂ ಅದೇ ನ್ಯಾಯಾಲಯ ಇಂಥದ್ದೇ ಆದೇಶ ಕೊಟ್ಟಿದೆ. ಪ್ರಚಲಿತ ಘಟನೆಗಳನ್ನು ನಿಮ್ಮ ಶಿಕ್ಷಕರೇ ಒಂದು ಪುಟದಲ್ಲಿ ಬರೆದು ವಾರಕ್ಕೊಂದು ಪಿಡಿಎಫ್ ಮಾಡಲಿ. ಪತ್ರಿಕೆ ತುಣುಕುಗಳ ಗದ್ದಲವೂ ಅಲ್ಲಿಗೆ ನಿಲ್ಲುತ್ತದೆ.

ಬದಲಾವಣೆಯನ್ನು ಹೊಸ ತಿಂಗಳ ಮೊದಲ ವಾರ ಮಾಡಿ. ಎರಡೂ ಚಾನೆಲ್ ಸೇರುವ ಬಗೆಯನ್ನು ತರಗತಿಯಲ್ಲೇ ತೋರಿಸಿ, ಪ್ರಕಟಣೆ ಚಾನೆಲ್‌ನ ಸದ್ದು ತೆರೆದಿರುವುದನ್ನು ಅಲ್ಲೇ ಪರೀಕ್ಷಿಸಿಕೊಳ್ಳಲು ಹೇಳಿ. ಆಮೇಲೆ ಒಂದು ತಿಂಗಳು ಕಚೇರಿಯ ಫೋನ್ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು, "ನೋಟ್ಸ್ ಎಲ್ಲಿದೆ" ಎಂದು ಬಂದ ಪ್ರತಿ ಕರೆಗೂ ಯಾವ ಅಧ್ಯಾಯ ಎಂದು ಬರೆದಿಡಲು ಹೇಳಿ. ಪೋಸ್ಟ್‌ನ ಕೆಳಗೆ ಕಣ್ಣಿನ ಗುರುತಿನ ಪಕ್ಕ ಕಾಣುವ ಸಂಖ್ಯೆಗಿಂತ ಈ ಲೆಕ್ಕ ನಂಬಿಕೆಗೆ ಅರ್ಹ, ಏಕೆಂದರೆ ಬೇರೆಡೆಗೆ ಫಾರ್ವರ್ಡ್ ಆದ ಪ್ರತಿಗಳನ್ನು ನೋಡಿದವರೂ ಆ ಸಂಖ್ಯೆಯಲ್ಲಿ ಸೇರಿರುತ್ತಾರೆ. ಒಂದೇ ವಿಷಯದ ಬಗ್ಗೆ ಮತ್ತೆ ಮತ್ತೆ ಕರೆ ಬಂದರೆ ಆ ವಿಷಯದ ಪರಿವಿಡಿಯ ಪ್ರತಿ ಕೊಂಡಿಯನ್ನೂ ವಿದ್ಯಾರ್ಥಿಯೊಬ್ಬನ ಮೊಬೈಲ್‌ನಲ್ಲಿ ಒತ್ತಿ ನೋಡಿ. ಯಾರೋ ಪೋಸ್ಟ್ ಅಳಿಸಿ ಮತ್ತೆ ಹಾಕಿದ್ದರಿಂದ ಕೊಂಡಿ ಮುರಿದಿರುತ್ತದೆ, ಇಲ್ಲವೇ ಶಿಕ್ಷಕರು ಬೋರ್ಡಿನ ಮೇಲೆ ಸಂಕೇತ ಬರೆಯುವುದನ್ನು ಬಿಟ್ಟಿರುತ್ತಾರೆ.